ಸಂದು ಕಾಣದಂತೆ ತೂಗುವ ದೀಪ

ಮನೆಯ ತೊಲೆಯಿಂದ ಒಂದು ಮೀಟರ್ ಉದ್ದದ ಸರಪಳಿಯಲ್ಲಿ ಇಳಿಬಿಟ್ಟ ಹಿತ್ತಾಳೆಯ ತೂಗುದೀಪವನ್ನು ಮೆಲ್ಲನೆ ತಳ್ಳಿ, ಅದರ ಓಲಾಟವನ್ನು ಐದು ಸೆಕೆಂಡು ಚಿತ್ರೀಕರಿಸಿದ್ದೇವೆ ಎಂದುಕೊಳ್ಳೋಣ. ಈ ತುಣುಕನ್ನು ಹಾಗೆಯೇ ಮತ್ತೆ ಮತ್ತೆ ಓಡುವಂತೆ ಮಾಡಿದರೆ, ಪ್ರತಿ ಐದು ಸೆಕೆಂಡಿಗೊಮ್ಮೆ ದೀಪ ಒಂದು ಜಾಗದಿಂದ ಇನ್ನೊಂದಕ್ಕೆ ಹಾರುತ್ತದೆ. ಇದರೊಳಗಿಂದ ಎರಡೇ ಸೆಕೆಂಡನ್ನು ಸರಿಯಾಗಿ ಕತ್ತರಿಸಿ ತೆಗೆದರೆ, ದೀಪ ನಿಲ್ಲದೆ ತೂಗುತ್ತಲೇ ಇರುತ್ತದೆ. ಮೊದಲು ಎಲ್ಲಿ, ಕೊನೆ ಎಲ್ಲಿ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಎಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಒಂದೇ ತೆರನಾಗಿರಬೇಕು ಎಂಬುದು. ಈ ಉತ್ತರ ಅರ್ಧ ಮಾತ್ರ ಸರಿ, ಮತ್ತು ಉಳಿದರ್ಧ ಎಡವಿಸುವಂಥದ್ದು.

ತೂಗುವ ದೀಪ ಒಂದು ಲೋಲಕ. ಒಂದು ಮೀಟರ್ ಉದ್ದದ ಲೋಲಕ ಹೋಗಿ ಹಿಂದಿರುಗಲು ಸುಮಾರು 2 ಸೆಕೆಂಡು ತೆಗೆದುಕೊಳ್ಳುತ್ತದೆ. ಲೆಕ್ಕ ಮಾಡಿದರೆ 2.006 ಸೆಕೆಂಡು. ಸೆಕೆಂಡಿಗೆ 30 ಫ್ರೇಮ್‌ಗಳಂತೆ ಚಿತ್ರೀಕರಿಸಿದರೆ ಒಂದು ಪೂರ್ಣ ಓಲಾಟಕ್ಕೆ 60.2 ಫ್ರೇಮ್‌ಗಳಾಗುತ್ತವೆ. ಈ ಒಂದು ಓಲಾಟದಲ್ಲಿ ದೀಪವು ನಡುಬಿಂದುವನ್ನು ಎರಡು ಬಾರಿ ದಾಟುತ್ತದೆ, ಒಮ್ಮೆ ಬಲಕ್ಕೆ ಹೋಗುವಾಗ, ಇನ್ನೊಮ್ಮೆ ಎಡಕ್ಕೆ ಮರಳುವಾಗ. ಆ ಎರಡು ಕ್ಷಣಗಳ ಫ್ರೇಮ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಅವೆರಡನ್ನು ಜೋಡಿಸಿ ಲೂಪ್ ಮಾಡಿದರೆ, ಎಡಕ್ಕೆ ಹೊರಟ ದೀಪ ನಡುದಾರಿಯಲ್ಲಿ ಗೋಡೆಗೆ ಬಡಿದಂತೆ ತಟಕ್ಕನೆ ಬಲಕ್ಕೆ ತಿರುಗುತ್ತದೆ. ಸ್ಥಿರಚಿತ್ರದಲ್ಲಿ ವಸ್ತು ಎಲ್ಲಿದೆ ಎಂಬುದು ಇರುತ್ತದೆಯೇ ಹೊರತು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು ಇರುವುದಿಲ್ಲ. ಆದ್ದರಿಂದ ಫ್ರೇಮ್‌ಗೆ ಫ್ರೇಮ್ ಹೋಲಿಸುವುದರ ಬದಲು, ಆ ಫ್ರೇಮ್‌ನ ಹಿಂದುಮುಂದಿನ ಕೆಲವನ್ನೂ ಸೇರಿಸಿ ಗುಂಪಿಗೆ ಗುಂಪನ್ನು ಹೋಲಿಸಬೇಕು. ಆರ್ನೋ ಶೋಡ್ಲ್, ರಿಚರ್ಡ್ ಸೆಲಿಸ್ಕಿ, ಡೇವಿಡ್ ಸೇಲ್ಸಿನ್ ಮತ್ತು ಇರ್ಫಾನ್ ಎಸ್ಸಾ ಅವರು 2000ನೇ ಇಸವಿಯಲ್ಲಿ ಸಿಗ್‌ಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ‘ವೀಡಿಯೊ ಟೆಕ್ಸ್‌ಚರ್ಸ್’ ಎಂಬ ಪ್ರಬಂಧದಲ್ಲಿ ಈ ಉಪಾಯವಿದೆ. ಅಲ್ಲಿಯೂ ಲೋಲಕವೇ ಉದಾಹರಣೆ.

ಕೆಲಸ ಶುರುವಾಗುವುದು ಚಿತ್ರೀಕರಣದಿಂದ. ಕ್ಯಾಮೆರಾ ಟ್ರೈಪಾಡ್ ಮೇಲೆ ಕದಲದೆ ಕುಳಿತಿರಬೇಕು. ಫೋಕಸ್ ಮತ್ತು ಎಕ್ಸ್‌ಪೋಶರ್‌ಗಳನ್ನು ಲಾಕ್ ಮಾಡಿರಬೇಕು, ಇಲ್ಲದಿದ್ದರೆ ದೀಪ ಮುಂದೆ ಬಂದಾಗಲೆಲ್ಲ ಫೋನ್ ತಾನಾಗಿಯೇ ಬೆಳಕನ್ನು ಹೆಚ್ಚುಕಡಿಮೆ ಮಾಡುತ್ತದೆ ಮತ್ತು ಅದರಿಂದ ಇಡೀ ಗೋಡೆಯ ಬಣ್ಣ ಸಂದಿನಲ್ಲಿ ಜಿಗಿಯುತ್ತದೆ. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಇರುವುದರಿಂದ ಹಲವು ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಈ ಮಿನುಗು ವೀಡಿಯೊದಲ್ಲಿ ಪಟ್ಟೆಗಳಾಗಿ ಕಾಣಿಸುವುದಿಲ್ಲ. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ: ಬಹುತೇಕ ಫೋನುಗಳು ಫ್ರೇಮ್‌ಗಳನ್ನು ಸಮಾನ ಅಂತರದಲ್ಲಿ ದಾಖಲಿಸುವುದಿಲ್ಲ. ಎಣಿಕೆಗೆ ಕೈಹಾಕುವ ಮೊದಲು ಅವನ್ನು ಸಮಗೊಳಿಸಿಕೊಳ್ಳುವುದು ಒಳ್ಳೆಯದು. ಧ್ವನಿಯನ್ನೂ ಇಲ್ಲಿಯೇ ಬಿಟ್ಟುಬಿಡಬಹುದು. `ffmpeg` ಎಂಬ ವೀಡಿಯೊ ತಂತ್ರಾಂಶಕ್ಕೆ ಕೊಡುವ ಒಂದೇ ಆದೇಶದಲ್ಲಿ ಇವೆರಡೂ ಆಗುತ್ತವೆ.

```
ffmpeg -i deepa.mp4 -vf fps=30 -an deepa30.mp4
```

ಐದು ಸೆಕೆಂಡಿಗೆ 150 ಫ್ರೇಮ್‌ಗಳಾದವು. ಇವುಗಳಲ್ಲಿ ಯಾವ ಎರಡು ಜಾಗಗಳು ಹೊಂದುತ್ತವೆ ಎಂದು ಕಣ್ಣಿನಿಂದ ಹುಡುಕಬಹುದು, ಆದರೆ ಜೋಡಿಗಳ ಸಂಖ್ಯೆ ಸಾವಿರಗಳಲ್ಲಿರುವುದರಿಂದ ಕಂಪ್ಯೂಟರಿಗೆ ಒಪ್ಪಿಸುವುದು ಮೇಲು. ಪ್ರತಿ ಫ್ರೇಮನ್ನು ಕಪ್ಪುಬಿಳುಪು ಮಾಡಿ, 160 × 90 ಪಿಕ್ಸೆಲ್‌ಗಳಿಗೆ ಕುಗ್ಗಿಸಿ, ಎರಡು ಫ್ರೇಮ್‌ಗಳ ಒಂದೊಂದು ಪಿಕ್ಸೆಲ್‌ನ ಹೊಳಪಿನ ವ್ಯತ್ಯಾಸವನ್ನು ವರ್ಗಮಾಡಿ ಸರಾಸರಿ ತೆಗೆದರೆ, ಅವೆರಡರ ನಡುವಿನ ‘ದೂರ’ ಸಿಗುತ್ತದೆ. ಕುಗ್ಗಿಸುವುದು ವೇಗಕ್ಕಾಗಿ ಮಾತ್ರವಲ್ಲ. ಕ್ಯಾಮೆರಾ ಚಿತ್ರದಲ್ಲಿ ಬಿಡುವ ಕಾಳುಕಾಳಾದ ಕಲೆ ಅದರಿಂದ ಅಳಿಸಿಹೋಗುತ್ತದೆ. ಇಲ್ಲದಿದ್ದರೆ ಅದೂ ವ್ಯತ್ಯಾಸದ ಲೆಕ್ಕಕ್ಕೆ ಸೇರಿಬಿಡುತ್ತದೆ.

```python
import cv2, numpy as np
cap, F = cv2.VideoCapture("deepa30.mp4"), []
while True:
    ok, f = cap.read()
    if not ok: break
    g = cv2.cvtColor(f, cv2.COLOR_BGR2GRAY)
    g = cv2.resize(g, (160, 90), interpolation=cv2.INTER_AREA)
    F.append(g.astype(np.float32))
n = len(F)
def gap(i, j):
    return sum(((F[i+k]-F[j+k])**2).mean() for k in (-2, -1, 0, 1))
print(min((gap(i, j)/gap(i, i+1), i, j)
          for i in range(2, n-31) for j in range(i+30, n-1)))
```

ಇಲ್ಲಿ `gap` ಎಂಬುದು ಗುಂಪಿನ ಹೋಲಿಕೆ: ಸಂದಿನ ಹಿಂದಿನ ಎರಡು ಮತ್ತು ಮುಂದಿನ ಎರಡು ಫ್ರೇಮ್‌ಗಳನ್ನು ಅದು ಒಟ್ಟಿಗೆ ನೋಡುತ್ತದೆ. ಬಲಕ್ಕೆ ಹೋಗುವ ದೀಪ ಮತ್ತು ಎಡಕ್ಕೆ ಹೋಗುವ ದೀಪ ಒಂದು ಫ್ರೇಮ್‌ನಲ್ಲಿ ಹೊಂದಿದರೂ ಅದರ ಅಕ್ಕಪಕ್ಕದಲ್ಲಿ ಹೊಂದುವುದಿಲ್ಲವಾದ್ದರಿಂದ ಅಂಥ ಜೋಡಿ ತಾನಾಗಿಯೇ ಸೋಲುತ್ತದೆ. ಕನಿಷ್ಠ 30 ಫ್ರೇಮ್‌ಗಳ ಅಂತರ ಇಟ್ಟಿರುವುದಕ್ಕೂ ಕಾರಣವಿದೆ. ಪಕ್ಕಪಕ್ಕದ ಫ್ರೇಮ್‌ಗಳು ಯಾವಾಗಲೂ ಹೋಲುವುದರಿಂದ, ಆ ಮಿತಿ ಇಲ್ಲದಿದ್ದರೆ ಒಂದೇ ಫ್ರೇಮ್‌ನ ಲೂಪ್ ಗೆದ್ದುಬಿಡಬಹುದು. ಕೊನೆಯ ಸಾಲಿನಲ್ಲಿ ದೂರವನ್ನು ನೇರವಾಗಿ ಬಳಸದೆ, ಅದೇ ಜಾಗದಲ್ಲಿ ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಸಹಜವಾಗಿ ಆಗುವ ಬದಲಾವಣೆಯಿಂದ ಭಾಗಿಸಿರುವುದನ್ನು ಗಮನಿಸಬೇಕು. ನನ್ನ ಮಟ್ಟಿಗೆ ಈ ಭಾಗಾಕಾರವೇ ಇಡೀ ಕೆಲಸದ ತಿರುಳು. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕತ್ತರಿಸಲು ಸುರಕ್ಷಿತವಾದ ಜಾಗ ಯಾವುದೆಂದು ಕೇಳಿದರೆ ಹೆಚ್ಚಿನವರು ದೀಪ ತುದಿಗೆ ಹೋಗಿ ಕ್ಷಣಕಾಲ ನಿಲ್ಲುವ ಜಾಗವನ್ನು ತೋರಿಸುತ್ತಾರೆ. ಅಲ್ಲಿ ವೇಗವೇ ಇಲ್ಲವಾದ್ದರಿಂದ ಒಂದು ಫ್ರೇಮ್ ಆಚೀಚೆಯಾದರೂ ತಿಳಿಯುವುದಿಲ್ಲ ಎಂಬುದು ಅವರ ವಾದ. ಲೆಕ್ಕವೂ ಒಂದು ಮಟ್ಟಿಗೆ ಅದನ್ನು ಒಪ್ಪುತ್ತದೆ. ದೀಪ ನಡುವಿನಿಂದ ಎರಡೂ ಕಡೆಗೆ 10 ಸೆಂಟಿಮೀಟರ್ ಓಲುತ್ತಿದ್ದರೆ, ನಡುಬಿಂದುವಿನಲ್ಲಿ ಅದು ಫ್ರೇಮ್‌ಗೆ ಸುಮಾರು 10 ಮಿಲಿಮೀಟರ್ ಸಾಗುತ್ತದೆ, ತುದಿಯಲ್ಲಿ ಸಾಗುವುದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಆದರೆ ನಿಜವಾದ ದೀಪದ ಓಲಾಟ ಕ್ರಮೇಣ ಕುಗ್ಗುತ್ತದೆ. ಪ್ರತಿ ಓಲಾಟಕ್ಕೆ ನೂರಕ್ಕೆ ಎರಡರಷ್ಟು ಕುಗ್ಗುತ್ತದೆ ಎಂದು ಇಟ್ಟುಕೊಂಡರೆ, ಮೊದಲು 100 ಮಿಲಿಮೀಟರ್ ತನಕ ಹೋದ ದೀಪ ಮುಂದಿನ ಸಲ 98ಕ್ಕೇ ಹಿಂದಿರುಗುತ್ತದೆ. ತುದಿಯಲ್ಲಿ ಕತ್ತರಿಸಿದಾಗ ಸಂದಿನಲ್ಲಿ 2 ಮಿಲಿಮೀಟರ್ ಜಿಗಿತ ಉಂಟಾಗುತ್ತದೆ. ಸುತ್ತಲಿನ ಚಲನೆ ಅರ್ಧ ಮಿಲಿಮೀಟರ್‌ನಷ್ಟೇ ಇರುವ ಆ ಜಾಗದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ.

ಈಗ ನಡುಬಿಂದುವನ್ನು ನೋಡೋಣ. ಓಲಾಟ ಕುಗ್ಗಿದರೂ ದೀಪ ನಡುಬಿಂದುವನ್ನು ದಾಟಲೇಬೇಕಾದ್ದರಿಂದ ಅಲ್ಲಿ ಸ್ಥಾನ ತಪ್ಪುವುದಿಲ್ಲ, ವೇಗ ನೂರಕ್ಕೆ ಎರಡರಷ್ಟು ಬದಲಾಗುವುದು ಯಾರಿಗೂ ತಿಳಿಯುವುದಿಲ್ಲ. ಉಳಿಯುವುದು 60.2 ಫ್ರೇಮ್‌ಗಳನ್ನು 60ಕ್ಕೆ ಇಳಿಸಿದ್ದರಿಂದ ಬರುವ 0.2 ಫ್ರೇಮ್‌ನ ತಪ್ಪು, ಎಂದರೆ ಇಲ್ಲಿಯೂ ಅದೇ 2 ಮಿಲಿಮೀಟರ್. ಆದರೆ ಇಲ್ಲಿ ಪ್ರತಿ ಹೆಜ್ಜೆಯೇ 10 ಮಿಲಿಮೀಟರ್ ಇರುವುದರಿಂದ ಸಂದಿನ ಒಂದು ಹೆಜ್ಜೆ 12 ಆದರೆ ಕಣ್ಣು ಅದನ್ನು ಗುರುತಿಸದು. ಎರಡು ಕಡೆಯೂ ತಪ್ಪು ಒಂದೇ ಅಳತೆಯದು. ಒಂದು ಕಡೆ ಅದು ನಿಶ್ಚಲತೆಯ ಮೇಲಿನ ಕಲೆ, ಇನ್ನೊಂದು ಕಡೆ ಚಲನೆಯೊಳಗೆ ಕರಗಿದ ಹನಿ. ಬರಿಯ ದೂರವನ್ನು ಅಳೆದರೆ ಕಂಪ್ಯೂಟರಿಗೆ ಈ ಭೇದ ಸರಿಯಾಗಿ ತಿಳಿಯುವುದಿಲ್ಲ, ಸಹಜ ಬದಲಾವಣೆಯಿಂದ ಭಾಗಿಸಿದಾಗ ತಿಳಿಯುತ್ತದೆ. ಉತ್ತರವಾಗಿ ಬರುವ ಭಾಗಲಬ್ಧ ಒಂದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಸಂದು ಕಾಣಿಸದು. ಒಂದನ್ನು ಮೀರಿದರೆ ಆ ತುಣುಕಿನಲ್ಲಿ ಒಳ್ಳೆಯ ಲೂಪ್ ಇಲ್ಲವೆಂದೇ ಅರ್ಥ, ಮತ್ತೊಮ್ಮೆ ಚಿತ್ರೀಕರಿಸುವುದು ಸಮಯ ಉಳಿಸುವ ದಾರಿ.

ಉತ್ತರವಾಗಿ 37 ಮತ್ತು 97 ಎಂಬ ಸಂಖ್ಯೆಗಳು ಬಂದವು ಎನ್ನೋಣ. ಹೆಚ್ಚಿನ ಲೂಪ್‌ಗಳು ಕೆಡುವುದು ಇಲ್ಲಿಯೇ. 97ನೇ ಫ್ರೇಮ್ 37ರ ಪ್ರತಿರೂಪವಾದ್ದರಿಂದ ಅದನ್ನು ಲೂಪ್‌ನಲ್ಲಿ ಉಳಿಸಿಕೊಳ್ಳಬಾರದು; ಕೊನೆಯ ಫ್ರೇಮ್ 96 ಆಗಿರಬೇಕು. ಎರಡನ್ನೂ ಇಟ್ಟುಕೊಂಡರೆ ಒಂದೇ ಚಿತ್ರ ಎರಡು ಸಲ ಬಂದು, ದೀಪ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ತಡವರಿಸುತ್ತದೆ. ಸಣ್ಣ ಹೊತ್ತಾದರೂ ಪ್ರತಿ ಎರಡು ಸೆಕೆಂಡಿಗೊಮ್ಮೆ ಮರುಕಳಿಸುವುದರಿಂದ ಅದು ಬಿಕ್ಕಳಿಕೆಯಂತೆ ಎದ್ದು ಕಾಣುತ್ತದೆ. ಅಂದರೆ ಒಳ್ಳೆಯ ಲೂಪ್‌ನಲ್ಲಿ ಮೊದಲ ಮತ್ತು ಕೊನೆಯ ಫ್ರೇಮ್‌ಗಳು ಒಂದೇ ಆಗಿರುವುದಿಲ್ಲ, ಒಂದು ಹೆಜ್ಜೆಯ ಅಂತರದಲ್ಲಿರುತ್ತವೆ. `ffmpeg` ಆದೇಶದ `end_frame` ಎಂಬುದು ಕೈಬಿಡಬೇಕಾದ ಮೊದಲ ಫ್ರೇಮ್‌ನ ಸಂಖ್ಯೆಯಾದ್ದರಿಂದ, ಅಲ್ಲಿ 97 ಎಂದೇ ಬರೆಯಬೇಕು.

```
ffmpeg -i deepa30.mp4 -vf "trim=start_frame=37:end_frame=97,setpts=PTS-STARTPTS" -an loop.mp4
ffmpeg -stream_loop 9 -i loop.mp4 hattu.mp4
```

ಎರಡನೆಯ ಸಾಲು ಅದೇ ಲೂಪನ್ನು ಹತ್ತು ಬಾರಿ ಸೇರಿಸಿ ಒಂದೇ ಕಡತ ಮಾಡುತ್ತದೆ, ಮತ್ತು ಪರೀಕ್ಷಿಸಲು ಬಳಸಬೇಕಾದದ್ದು ಇದನ್ನೇ. ಹಲವು ಪ್ಲೇಯರ್‌ಗಳು ಕಡತದ ಕೊನೆಯಿಂದ ಮೊದಲಿಗೆ ಮರಳುವಾಗ ತಾವೇ ಒಂದು ಕ್ಷಣ ತಡೆಯುತ್ತವೆ. ಆ ತಡೆಯನ್ನು ಸಂದಿನ ದೋಷವೆಂದು ತಿಳಿದು ಸರಿಯಾಗಿದ್ದುದನ್ನು ತಿದ್ದಲು ಹೊರಡುವುದು ಬೇಡ. ಹತ್ತು ಸುತ್ತುಗಳನ್ನು ನೋಡುವಾಗ ದೀಪವನ್ನು ಬಿಟ್ಟು ಹಿನ್ನೆಲೆಯ ಗೋಡೆಯ ಮೇಲೆ ಕಣ್ಣಿಟ್ಟರೆ, ಮೋಡ ಸರಿದು ಬದಲಾದ ಬೆಳಕು ಅಥವಾ ಟ್ರೈಪಾಡ್‌ನ ಅಲುಗಾಟ ತಕ್ಷಣ ಸಿಕ್ಕಿಬೀಳುತ್ತದೆ. ಗಿಫ್ ಮಾಡುವುದಾದರೆ ಇನ್ನೊಂದು ಎಚ್ಚರಿಕೆ ಬೇಕು. ಆ ಸ್ವರೂಪದಲ್ಲಿ ಫ್ರೇಮ್‌ನ ಅವಧಿಯನ್ನು ಸೆಕೆಂಡಿನ ನೂರನೇ ಭಾಗಗಳಲ್ಲಿ ಮಾತ್ರ ಹೇಳಬಹುದಾದ್ದರಿಂದ ಸೆಕೆಂಡಿಗೆ 30 ಎಂಬುದು ಅಲ್ಲಿ ಸಾಧ್ಯವಿಲ್ಲ. ನಾಲ್ಕು ನೂರನೇ ಭಾಗ, ಅಂದರೆ ಸೆಕೆಂಡಿಗೆ 25 ಫ್ರೇಮ್, ಎಂದು ಆರಂಭದಲ್ಲಿಯೇ ಪರಿವರ್ತಿಸಿಕೊಂಡು ಅನಂತರ ಹುಡುಕುವುದು ಸರಿ.

ಇಷ್ಟು ಹೊತ್ತು ದೀಪವನ್ನು ಹಚ್ಚಿರಲಿಲ್ಲ. ಹಚ್ಚಿದರೆ ಕಥೆ ಬದಲಾಗುತ್ತದೆ, ಏಕೆಂದರೆ ಜ್ವಾಲೆಯ ಕುಣಿತ ಓಲಾಟದ ತಾಳಕ್ಕೆ ಬದ್ಧವಲ್ಲ. ದೀಪ ಹೊಂದುವಲ್ಲಿ ಜ್ವಾಲೆ ಹೊಂದುವುದಿಲ್ಲ. ಆಗ ಬಳಸುವ ಉಪಾಯ ಬೆರಕೆ: ಲೂಪ್‌ನ ಕೊನೆಯ ಎಂಟು ಫ್ರೇಮ್‌ಗಳಿಗೆ, ಅಂದರೆ 89ರಿಂದ 96ರವರೆಗಿನವಕ್ಕೆ, ಲೂಪ್ ಆರಂಭವಾಗುವ ಮೊದಲಿನ ಎಂಟನ್ನು, ಅಂದರೆ 29ರಿಂದ 36ರವರೆಗಿನವನ್ನು, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಬೆರೆಸುವುದು. ಕೊನೆಯ ಬೆರಕೆ ಬಹುಪಾಲು 36 ಆಗಿರುವುದರಿಂದ ಅದರ ಮುಂದೆ 37 ಬರುವುದು ಸಹಜ. ಕ್ರಾಸ್‌ಫೇಡ್ ಎಂಬ ಹೆಸರಿನ ಈ ಉಪಾಯವನ್ನು ಮೊದಲೇ ಹೊಂದಿಸದ ತುಣುಕಿನ ಮೇಲೆ ಪ್ರಯೋಗಿಸಿದರೆ ಎರಡು ದೀಪಗಳು ಒಂದರ ಮೇಲೊಂದು ದೆವ್ವದಂತೆ ಕಾಣಿಸುತ್ತವೆ. ಇಲ್ಲಿ 29 ಮತ್ತು 89ರಲ್ಲಿ ದೀಪ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುವುದರಿಂದ ಹಿತ್ತಾಳೆಯ ಅಂಚುಗಳು ಗಟ್ಟಿಯಾಗಿಯೇ ಉಳಿದು, ಜ್ವಾಲೆ ಮಾತ್ರ ಬೆರೆಯುತ್ತದೆ.

ಬೆರಕೆಗೂ ಮಿತಿಯಿದೆ. ಊದುಬತ್ತಿಯ ಹೊಗೆಯನ್ನೋ ಹೊಳೆಯ ನೀರನ್ನೋ ಹೀಗೆ ಬೆರೆಸಿದಾಗ, ಪರಸ್ಪರ ಸಂಬಂಧವಿಲ್ಲದ ಎರಡು ವಿನ್ಯಾಸಗಳ ಸರಾಸರಿ ಸಿಗುವುದರಿಂದ, ಬೆರಕೆಯ ನಡುಭಾಗದಲ್ಲಿ ಅದರ ಏರಿಳಿತ ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲಿ ಒಮ್ಮೆ ನೀರು ಮಂಕಾಗಿ ಮತ್ತೆ ಚುರುಕಾದಂತೆ ತೋರುವುದಕ್ಕೆ ಕಾರಣ ಇದೇ. ಜಿಚೆಂಗ್ ಲಿಯಾವ್, ನೀಲ್ ಜೋಶಿ ಮತ್ತು ಹ್ಯೂಗ್ಸ್ ಹೋಪ್ ಅವರು 2013ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಬೇರೆ ದಾರಿ ಹಿಡಿಯುತ್ತದೆ: ಇಡೀ ಚಿತ್ರಕ್ಕೆ ಒಂದೇ ಸಂದು ಇರಬೇಕಾಗಿಲ್ಲ, ಪ್ರತಿ ಪಿಕ್ಸೆಲ್‌ಗೂ ಅದರದೇ ಆರಂಭ ಮತ್ತು ಅದರದೇ ಅವಧಿ ಇರಬಹುದು. ಹೊಳೆಯ ಒಂದು ಮೂಲೆ ಒಂದೂವರೆ ಸೆಕೆಂಡಿಗೆ ಮರುಕಳಿಸಿದರೆ ಇನ್ನೊಂದು ಮೂರು ಸೆಕೆಂಡಿಗೆ ಮರುಕಳಿಸುತ್ತದೆ, ಕಲ್ಲುಬಂಡೆಯ ಪಿಕ್ಸೆಲ್‌ಗಳು ಮರುಕಳಿಸುವುದೇ ಇಲ್ಲ, ನಿಂತಲ್ಲೇ ನಿಲ್ಲುತ್ತವೆ. ತೂಗುವ ಹಿತ್ತಾಳೆ ದೀಪಕ್ಕೆ ಅಷ್ಟು ಭಾರಿ ಲೆಕ್ಕ ಬೇಕಿಲ್ಲ. ಅದಕ್ಕೆ 60 ಫ್ರೇಮ್ ಮತ್ತು ಒಂದು ಸರಿಯಾದ ಕತ್ತರಿ ಸಾಕು.