ಒಂದೇ ಕಂಪನಿ, ಎರಡು ಹುದ್ದೆ: ಮೇಲ್ ಒಂದೋ ಎರಡೋ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್‌ಗೆ ಒಬ್ಬರು, ಪರ್ಚೇಸ್‌ಗೆ ಒಬ್ಬರು ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಎರಡಕ್ಕೂ ಎಚ್‌ಆರ್‌ನ ಒಂದೇ ವಿಳಾಸ. ಬಿ.ಕಾಂ ಮುಗಿಸಿ ಮೂರು ವರ್ಷ ಕೆಲಸ ಮಾಡಿದವರಿಗೆ ಎರಡೂ ಹೊಂದುತ್ತವೆ. ವಿಳಾಸ ಒಂದೇ ಆದ್ದರಿಂದ ಮೇಲ್ ಕೂಡ ಒಂದೇ ಸಾಕು ಅನಿಸುತ್ತದೆ. ಆದರೆ ಆ ಮೇಲ್ ಎಚ್‌ಆರ್ ಹತ್ತಿರ ಉಳಿಯುವುದಿಲ್ಲ, ಸಂಬಂಧಪಟ್ಟ ಮ್ಯಾನೇಜರ್‌ಗೆ ಫಾರ್ವರ್ಡ್ ಆಗುತ್ತದೆ. ಎರಡು ಹುದ್ದೆ ಬರೆದ ಮೇಲ್ ಹೆಚ್ಚಾಗಿ ಮೊದಲು ಕಂಡ ಹುದ್ದೆಯ ಫೋಲ್ಡರ್‌ಗೆ ಹೋಗುತ್ತದೆ, ಎರಡನೆಯದು ಅಲ್ಲೇ ಮರೆತುಹೋಗುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದ್ದು ಇಷ್ಟೇ: ನಿಮ್ಮನ್ನು ಆರಿಸುವವರು ಒಬ್ಬರೋ ಇಬ್ಬರೋ? ಇಲ್ಲಿ ಇಬ್ಬರು, ಆದ್ದರಿಂದ ಎರಡು ಮೇಲ್.

ಸಬ್ಜೆಕ್ಟ್ ಹೀಗಿರಲಿ:

```
ACC-07 Accounts Executive - 3 yrs - 30 days notice
PUR-03 Purchase Executive - 3 yrs - 30 days notice
```

ಜಾಹೀರಾತಿನಲ್ಲಿರುವ ಕೋಡ್ ಅನ್ನೇ ಮೊದಲು ಹಾಕಿ, ಏಕೆಂದರೆ ಹುಡುಕುವವರು ಟೈಪ್ ಮಾಡುವುದು ಅದನ್ನೇ. ಎರಡಕ್ಕೂ ಬರೀ "Job application" ಎಂದು ಬರೆದರೆ ಜಿಮೇಲ್‌ನಲ್ಲಿ ಎರಡೂ ಒಂದೇ ಸಾಲಿನಡಿ ಸೇರಿಕೊಂಡು, ಒಂದು ಕಣ್ಣಿಗೆ ಬೀಳದೇ ಹೋಗಬಹುದು.

ರೆಸ್ಯೂಮೆಯನ್ನೂ ಎರಡು ಮಾಡಿ. ಅಕೌಂಟ್ಸ್‌ನದರಲ್ಲಿ ಟ್ಯಾಲಿ, ಜಿಎಸ್‌ಟಿಆರ್-1, 3ಬಿ ಫೈಲಿಂಗ್, ಬ್ಯಾಂಕ್ ರೀಕನ್ಸಿಲಿಯೇಷನ್ ಮೇಲೆ ಬರಲಿ. ಪರ್ಚೇಸ್‌ನದರಲ್ಲಿ ಕೊಟೇಶನ್ ಹೋಲಿಕೆ, ಪಿಒ ಹಾಕುವುದು, ಬಿಲ್ಲು ಮತ್ತು ಬಂದ ಸರಕು ತಾಳೆ ನೋಡುವುದು. ಅನುಭವದ ಸಾಲುಗಳ ಕ್ರಮ ಬದಲಾಗಲಿ. ಸೇರಿದ, ಬಿಟ್ಟ ತಾರೀಖು, ಈವರೆಗೆ ಮಾಡಿದ ಕೆಲಸದ ಹುದ್ದೆಯ ಹೆಸರು, ನಿರೀಕ್ಷಿತ ಸಂಬಳ ಮಾತ್ರ ಎರಡರಲ್ಲೂ ಒಂದೇ ಇರಬೇಕು. ಅರ್ಜಿಗಳನ್ನು ಸಾಫ್ಟ್‌ವೇರ್‌ಗೆ ಹಾಕುವ ಕಂಪನಿಗಳಲ್ಲಿ ಮೇಲ್ ಐಡಿ ಅಥವಾ ಫೋನ್ ನಂಬರ್ ನೋಡಿ ಎರಡನ್ನೂ ಒಬ್ಬರ ಹೆಸರಿಗೇ ಜೋಡಿಸುವುದು ಸಾಮಾನ್ಯ. ಆಗ ಒಂದರಲ್ಲಿ 4 ಲಕ್ಷ, ಇನ್ನೊಂದರಲ್ಲಿ 5 ಲಕ್ಷ ಇದ್ದರೆ ಅಕ್ಕಪಕ್ಕದಲ್ಲೇ ಕಾಣುತ್ತದೆ. ಬೇರೆ ಐಡಿಯಿಂದ ಕಳಿಸಿದರೂ ಫೋನ್ ನಂಬರ್ ಹಿಡಿದುಕೊಡುತ್ತದೆ. ಆಗ ಎರಡೂ ಅರ್ಜಿಯ ಮೇಲೆ ಅನುಮಾನ ಬರುತ್ತದೆ.

ಅದಕ್ಕೇ ಮುಚ್ಚಿಡಬೇಡಿ. ಎರಡೂ ಮೇಲ್‌ನ ಕೊನೆಯಲ್ಲಿ ಒಂದು ಸಾಲು ಸೇರಿಸಿ: "PUR-03 ಹುದ್ದೆಗೂ ಪ್ರತ್ಯೇಕವಾಗಿ ಅರ್ಜಿ ಹಾಕಿದ್ದೇನೆ, ನನ್ನ ಮೊದಲ ಆದ್ಯತೆ ಅಕೌಂಟ್ಸ್." ಇನ್ನೊಂದರಲ್ಲಿ ಕೋಡ್ ಬದಲಿಸಿ, ಆದ್ಯತೆ ಅದೇ ಇರಲಿ. ಎರಡಕ್ಕೂ "ಇದೇ ನನ್ನ ಮೊದಲ ಆಯ್ಕೆ" ಎಂದು ಬರೆದು ಸಿಕ್ಕಿಬೀಳುವವರಿದ್ದಾರೆ.

ಒಂದೇ ಮೇಲ್ ಸಾಕಾಗುವ ಸಂದರ್ಭವೂ ಇದೆ. ಅಕೌಂಟ್ಸ್ ಎಕ್ಸಿಕ್ಯೂಟಿವ್ ಮತ್ತು ಸೀನಿಯರ್ ಎಕ್ಸಿಕ್ಯೂಟಿವ್ ಇಬ್ಬರೂ ಒಬ್ಬರೇ ಮ್ಯಾನೇಜರ್ ಕೆಳಗೆ ಬರುವುದಾದರೆ, ಒಂದೇ ರೆಸ್ಯೂಮೆ, ಸಬ್ಜೆಕ್ಟ್‌ನಲ್ಲಿ ಎರಡೂ ಕೋಡ್. ಇಲ್ಲಿ ಎರಡು ಮೇಲ್ ಕಳಿಸಿದರೆ ಅದೇ ವ್ಯಕ್ತಿ ಅದನ್ನೇ ಎರಡು ಸಲ ಓದಬೇಕಾಗುತ್ತದೆ.

ಈಗಾಗಲೇ ಎರಡನ್ನೂ ಒಂದೇ ಮೇಲ್‌ನಲ್ಲಿ ಕಳಿಸಿದ್ದರೆ, ಮೊದಲನೆಯದನ್ನು ಮತ್ತೆ ಕಳಿಸಬೇಡಿ. ಎರಡನೇ ಹುದ್ದೆಗೆ ಮಾತ್ರ, ರಿಪ್ಲೈ ಒತ್ತದೆ, ಹೊಸ ಮೇಲ್ ತೆರೆದು ಅದರ ಕೋಡ್, ಅದರ ರೆಸ್ಯೂಮೆ ಹಾಕಿ ಕಳಿಸಿ.