ವಿಯೆಟ್ನಾಂನಲ್ಲಿ ಸೊಪ್ಪಿನ ಪಲ್ಯ ಕೇಳುವ ಮೊದಲು

ಶಿರಸಿಯಿಂದ ವಿಯೆಟ್ನಾಂಗೆ ಗುಂಪು ಕರೆದುಕೊಂಡು ಹೋಗುವಾಗ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಕಟ್ಟಿಕೊಳ್ಳಿ ಎಂದು ನಾನು ಯಾರಿಗೂ ಹೇಳಬೇಕಾಗಿಲ್ಲ. ಎಷ್ಟು ಹೇಳಿದರೂ ಸಾಲದಿರುವುದು ಇನ್ನೊಂದು ಮಾತು. ಹೋಟೆಲಿನವರಿಗೆ "ನೋ ಮೀಟ್, ನೋ ಫಿಶ್" ಎಂದರೆ ಸಾಲುವುದಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಅಲ್ಲಿ ಇಳಿದ ಮೊದಲ ರಾತ್ರಿಯೇ ಅದನ್ನೇ ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಅಲ್ಲಿಯ ಹೋಯಿ ಆನ್ ಊರಿನಲ್ಲಿ ಹೀಗಾಯಿತು. ನಮ್ಮವರು ಮೆನುವಿನಲ್ಲಿ ತರಕಾರಿ ಎಂದಿದ್ದ ಕಡೆ ನೋಡಿ, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು ಮತ್ತು ಅನ್ನ ತರಿಸಿದರು. ಹಸಿರು ಸೊಪ್ಪು, ಮೇಲೆ ಬೆಳ್ಳುಳ್ಳಿ. ನೋಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಗುಂಪಿನಲ್ಲಿ ಕಾರವಾರದವರೊಬ್ಬರಿದ್ದರು, ಮೀನು ತಿಂದು ಬೆಳೆದವರು. ತಟ್ಟೆ ಹತ್ತಿರ ಬಂದದ್ದೇ ತಡ, "ಅಜ್ಜಿ, ಅದನ್ನ ತಿನ್ನಬೇಡಿ" ಎಂದು ಪಕ್ಕದಲ್ಲಿದ್ದ ಹಿರಿಯರ ಕೈ ತಡೆದರು. ಒಳಗೆ ಹೋಗಿ ವಿಚಾರಿಸಿದೆ. ಅಡುಗೆಯವಳು ಮುಚ್ಚಿಡದೆ ನುಅಕ್ ಮಾಮ್ ಬಾಟಲಿ ತೋರಿಸಿದಳು.

ಅವಳ ತಪ್ಪಿಲ್ಲ. ಮಾಂಸದ ತುಂಡು ಹಾಕಬೇಡಿ ಎಂದಿರಿ, ಅವಳು ಹಾಕಿಲ್ಲ. ನುಅಕ್ ಮಾಮ್ ಅಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಬಸಿದ ರಸ. ಆ ದೇಶದ ಅಡುಗೆಮನೆಯಲ್ಲಿ ಅದು ಉಪ್ಪಿನ ಜಾಗದಲ್ಲಿ ಇರುತ್ತದೆ. ನಾವು ಉಪ್ಪು ಹಾಕಿದ್ದೇವೆ ಎಂದು ಯಾರಿಗಾದರೂ ಹೇಳುತ್ತೇವಾ? ಅವರೂ ಹೇಳುವುದಿಲ್ಲ. ಅದಲ್ಲದೆ ಸೊಪ್ಪು ಹುರಿಯುವಾಗ ಎಷ್ಟೋ ಕಡೆ ಚಿಪ್ಪಿನ ಸಾಸ್ ಬೀಳುತ್ತದೆ, ಹಂದಿಯ ಕೊಬ್ಬು ಬೀಳುತ್ತದೆ, ಮಾಂಸದ ಸತ್ವ ಸೇರಿಸಿದ ಮಸಾಲೆಹರಳು ಬೀಳುತ್ತದೆ. ಇವೆಲ್ಲ ತಟ್ಟೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ನೂಡಲ್ಸ್ ಸಾರಿನಿಂದ ಮಾಂಸದ ಚೂರು ಎತ್ತಿಟ್ಟು ಕೊಟ್ಟರೂ ಅಷ್ಟೇ, ಆ ಸಾರೇ ಎಲುಬು ಬೇಯಿಸಿದ್ದು.

ಹಾಗಾಗಿ ಏನು ಬೇಡ ಎಂದು ಪಟ್ಟಿ ಹೇಳುವುದಕ್ಕಿಂತ, ಅವರಲ್ಲೇ ಇರುವ ಸಸ್ಯಾಹಾರದ ಹೋಟೆಲನ್ನು ಹುಡುಕಿಕೊಂಡು ಹೋಗಿ. ಮೊಬೈಲ್ ಮ್ಯಾಪಿನಲ್ಲಿ quán chay ಎಂದು ಟೈಪ್ ಮಾಡಿ. ಬೋರ್ಡಿನ ಮೇಲೂ chay ಎಂದಿರುತ್ತದೆ. ಬೌದ್ಧರ ವ್ರತದ ಊಟ ಅದು. ಚಾಂದ್ರಮಾನದ 1ನೇ ಮತ್ತು 15ನೇ ದಿನ, ಅಂದರೆ ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ, ಮಾಂಸ ತಿನ್ನುವ ಮನೆಗಳಲ್ಲೂ ಎಷ್ಟೋ ಜನ ಇದನ್ನೇ ಉಣ್ಣುತ್ತಾರೆ. ಹೋಯಿ ಆನ್‌ನ ದೀಪದ ಹಬ್ಬ ಪ್ರತಿ ಚಾಂದ್ರಮಾನ ತಿಂಗಳ 14ನೇ ರಾತ್ರಿ. ಅದಕ್ಕೇ ಸಾಧ್ಯವಾದರೆ ನಾನು ಗುಂಪನ್ನು ಆ ದಿನಕ್ಕೆ ತಲುಪಿಸುತ್ತೇನೆ. ದೀಪ ನೋಡಿದ ಮಾರನೇ ದಿನ ಊಟಕ್ಕೆ ಅಲೆಯಬೇಕಾಗಿಲ್ಲ. ಹ್ಯೂ ಊರಿನಲ್ಲಂತೂ ದೇವಸ್ಥಾನಗಳು ಜಾಸ್ತಿ, ಈ ಅಡುಗೆಯೂ ಚೆನ್ನಾಗಿ ಬೆಳೆದಿದೆ.

ಅದೇ ಗುಂಪನ್ನು ಮಾರನೇ ದಿನ ಇಂಥ ಹೋಟೆಲಿಗೆ ಕರೆದೊಯ್ದೆ. ಮೂಲಂಗಿ, ಗಜ್ಜರಿ, ಅಣಬೆ ಹಾಕಿ ಕುದಿಸಿದ ಸಾರಿನಲ್ಲಿ ಅಕ್ಕಿ ನೂಡಲ್ಸ್, ಮೇಲೆ ಹಸಿ ಸೊಪ್ಪು, ಹಿಂಡಲು ನಿಂಬೆ. ಅಜ್ಜಿ ಎರಡು ಬಟ್ಟಲು ಕುಡಿದರು. ಆದರೆ ಪಕ್ಕದ ಮೇಜಿನಲ್ಲಿದ್ದ ನಮ್ಮವರು ಎದ್ದು ನಿಂತೇಬಿಟ್ಟರು. ಅವರ ತಟ್ಟೆಗೆ ಕೋಳಿಯ ತುಂಡಿನಂತೆಯೇ ಕಾಣುವ, ನಾರುನಾರಾದ ಏನೋ ಬಂದಿತ್ತು. ಅದು ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ್ದು. ಮೆನುವಿನಲ್ಲಿ ಕೋಳಿ, ಸೀಗಡಿ ಎಂದೇ ಬರೆದಿರುತ್ತಾರೆ, ಹಿಂದೆ chay ಎಂದು ಸೇರಿಸುತ್ತಾರೆ. ಮನಸ್ಸು ಒಪ್ಪದಿದ್ದರೆ ತೋಫು, ಅಣಬೆ ತರಿಸಿ. ಅದಕ್ಕಾಗಿ ಆ ಹೋಟೆಲನ್ನೇ ಬಿಟ್ಟು ಬರಬೇಡಿ ದಯವಿಟ್ಟು.

ಇಂಥ ಹೋಟೆಲ್ ಸಿಗದ ಊರಿನಲ್ಲಿ ಮೊಬೈಲಿನಲ್ಲಿ ಈ ಸಾಲು ಬರೆದಿಟ್ಟುಕೊಂಡು ತೋರಿಸಿ: Tôi ăn chay. Không nước mắm, không dầu hào, không mỡ heo, không hạt nêm, không trứng. ವ್ರತದ ಊಟ ಮಾಡುವವನು ನಾನು, ಮೀನಿನ ರಸ, ಚಿಪ್ಪಿನ ಸಾಸ್, ಹಂದಿ ಕೊಬ್ಬು, ಮಸಾಲೆಹರಳು, ಮೊಟ್ಟೆ ಬೇಡ ಎಂದು ಅರ್ಥ. ಆದರೂ ಬಾಣಲೆ ಒಂದೇ ಇರುತ್ತದೆ. ಅದು ಆಗುವುದೇ ಇಲ್ಲ ಎನ್ನುವವರು ಅಲ್ಲಿ ಹಣ್ಣು, ಎಳನೀರು, ಬಿಳಿ ಅನ್ನ, ತಂದ ಉಪ್ಪಿನಕಾಯಿಯಲ್ಲೇ ಆ ಹೊತ್ತು ಕಳೆಯುವುದು ಒಳ್ಳೆಯದು.

ಇನ್ನು ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ. ಮಠದ ಕಟ್ಟುನಿಟ್ಟಿನ ಅಡುಗೆಯಲ್ಲಿ ಮೂರೂ ಇರುವುದಿಲ್ಲ. ಪೇಟೆಯ ಹೋಟೆಲುಗಳು ಅಷ್ಟು ಬಿಗಿಯಾಗಿ ಪಾಲಿಸುತ್ತವೆ ಎಂದು ನಾನು ಭರವಸೆ ಕೊಡಲಾರೆ, ಕೇಳಿಯೇ ತಿನ್ನಿ. ಮುಖ್ಯವಾಗಿ ಬೀದಿಬದಿಯ ಬಾನ್ ಮಿ ಬ್ರೆಡ್ಡಿನಲ್ಲಿ ಸವರುವ ಹಳದಿ ಬೆಣ್ಣೆಯನ್ನು ನೋಡಿ ಬೆಣ್ಣೆಯೇ ಎಂದುಕೊಳ್ಳಬೇಡಿ. ಬಹಳ ಕಡೆ ಅದು ಮೊಟ್ಟೆಯ ಹಳದಿಗೆ ಎಣ್ಣೆ ಸೇರಿಸಿ ಕಡೆದದ್ದು. ಸವರುವ ಮೊದಲೇ trứng ಎಂಬ ಪದ ತೋರಿಸಿ ಕೈಯಾಡಿಸಿ. ಗಾಡಿಯವರು ಅಡ್ಡಿಲ್ಲ ಎಂದು ಬರೀ ತೋಫು, ಸೌತೆಕಾಯಿ, ಸೋಯಾ ಸಾಸ್ ಹಾಕಿ ಕಟ್ಟಿಕೊಡುತ್ತಾರೆ.