ಪ್ಯಾರಾ ಕೊನೆಯಲ್ಲಿ ಒಂದೇ ಉಲ್ಲೇಖ: ಯಾವ ಸಾಲು ಯಾರದ್ದು?

ಪ್ರಾಜೆಕ್ಟ್ ವರದಿ ಬರೆಯುವಾಗ ನಮ್ಮಲ್ಲಿ ಬಹಳ ಜನ ಐದಾರು ಸಾಲಿನ ಪ್ಯಾರಾ ಬರೆದು, ಕೊನೆಯ ಪೂರ್ಣವಿರಾಮದ ಹತ್ತಿರ ಆವರಣದಲ್ಲಿ ಒಂದು ಹೆಸರು, ಒಂದು ಇಸವಿ ಹಾಕುತ್ತಾರೆ. ಮೂಲ ಹೇಳಿದಂತಾಯಿತು ಅಂತ ಮುಂದಿನ ಪ್ಯಾರಾಕ್ಕೆ ಹೋಗುತ್ತಾರೆ. ಅಷ್ಟು ಯಾಕೆ ಸಾಲದು ಅನ್ನುವುದನ್ನು ಒಂದೇ ಒಂದು ಪ್ಯಾರಾ ಇಟ್ಟುಕೊಂಡು ನೋಡೋಣ. ನಮ್ಮ ಕೊಡಗಿನ ಕಾಫಿ ಹೂವಿನ ವಿಷಯವೇ ಇರಲಿ.

ಈ ಪ್ಯಾರಾವನ್ನು ಟಿಪ್ಪಣಿಗಾಗಿ ನಾನೇ ಕಟ್ಟಿದ್ದೇನೆ. ಇದರಲ್ಲಿ ಬರುವ ಮೂಲಗಳು, ಪುಟ ಸಂಖ್ಯೆಗಳು ಉದಾಹರಣೆಗೆ ಮಾತ್ರ. ‘ಅ’ ಅಂದರೆ ಪರಾಗಸ್ಪರ್ಶದ ಬಗ್ಗೆ ಒಂದು ಸಂಶೋಧನಾ ಲೇಖನ, ‘ಆ’ ಅಂದರೆ ಕಾಫಿ ಬೆಳೆಗಾರರ ಒಂದು ಕೈಪಿಡಿ ಅಂತ ಇಟ್ಟುಕೊಳ್ಳಿ.

“ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು, ಒಂದೂವರೆ ಇಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂ ಅರಳಿದ ದಿನವೇ ಮಳೆ ಹೊಡೆದ ವರ್ಷ ರೊಬಸ್ಟಾ ಫಸಲು ಕಡಿಮೆ ಬಂದಿದೆ. ರೊಬಸ್ಟಾ ಹೂವಿಗೆ ಬರುವ ಜೇನುಗಳಲ್ಲಿ ಹೆಜ್ಜೇನು ಮುಖ್ಯವಾದದ್ದು, ಅದು ಗೂಡು ಕಟ್ಟುವುದು ತೋಟದ ಸುತ್ತಲಿನ ಎತ್ತರದ ಮರಗಳಲ್ಲಿ. ಆದ್ದರಿಂದ ದೇವರಕಾಡು ಹತ್ತಿರವಿರುವ ರೊಬಸ್ಟಾ ತೋಟಕ್ಕೆ ಫಸಲು ಜಾಸ್ತಿ ಸಿಗುತ್ತದೆ (ಅ).”

ಓದಲು ಏನೂ ತೊಂದರೆ ಇಲ್ಲ. ಆದರೆ ಕೊನೆಯ ‘(ಅ)’ ಎಷ್ಟು ಸಾಲಿಗೆ ಸೇರಿದ್ದು? ಒಬ್ಬರು ಐದೂ ಸಾಲು ಆ ಲೇಖನದ್ದೇ ಅಂದುಕೊಳ್ಳಬಹುದು. ಇನ್ನೊಬ್ಬರು ಕೊನೆಯ ಸಾಲಿಗೆ ಮಾತ್ರ ಅಂದುಕೊಳ್ಳಬಹುದು. ಮೂರನೆಯವರು ಜೇನಿನ ವಿಷಯ ಶುರುವಾದಲ್ಲಿಂದ, ಅಂದರೆ ಕೊನೆಯ ಎರಡು ಸಾಲಿಗೆ ಅಂದುಕೊಳ್ಳಬಹುದು. ಮೂವರೂ ಸರಿಯಾಗಿಯೇ ಓದಿದ್ದಾರೆ. ಯಾಕೆಂದರೆ ಕೊನೆಯಲ್ಲಿಟ್ಟ ಉಲ್ಲೇಖ, ಎರವಲು ಎಲ್ಲಿ ಮುಗಿಯಿತು ಅನ್ನುವುದನ್ನಷ್ಟೇ ತೋರಿಸುತ್ತದೆ. ಎಲ್ಲಿ ಶುರುವಾಯಿತು ಅನ್ನುವುದಕ್ಕೆ ಪ್ಯಾರಾದಲ್ಲಿ ಯಾವ ಗುರುತೂ ಇಲ್ಲ. ಇಡೀ ಸಮಸ್ಯೆಯ ಬೇರು ಇದೇ.

ಈಗ ಒಂದೊಂದು ಸಾಲೂ ನಿಜವಾಗಿ ಎಲ್ಲಿಂದ ಬಂತು ನೋಡಿ. ಮೊದಲನೆಯದು ಕೈಪಿಡಿಯಿಂದ, ಅಂದರೆ ‘ಆ’ದಿಂದ ಬಂದಿದೆ. ಎರಡನೆಯದು ಕಾಫಿ ಬಗ್ಗೆ ಯಾವ ಪಠ್ಯಪುಸ್ತಕ ತೆಗೆದರೂ ಸಿಗುವ ಮಾತು, ತೋಟದ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮೂರನೆಯದು ಒಂದು ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಹೇಳಿದ್ದು. ಅವರು ವರ್ಷಗಟ್ಟಲೆ ಇಂಚು, ಸೆಂಟ್ ಲೆಕ್ಕದಲ್ಲಿ ಮಳೆ ಬರೆದಿಟ್ಟ ಪುಸ್ತಕ ತೆಗೆದು, ಪಕ್ಕದಲ್ಲೇ ಆಯಾ ವರ್ಷದ ಫಸಲು ತೋರಿಸಿದ್ದಾರೆ. ನಾಲ್ಕನೆಯದು ‘ಅ’ ಲೇಖನದ ವಾಕ್ಯ, ಒಂದು ಪದವೂ ಬದಲಾಗದೆ ಹಾಗೇ ಇಳಿದಿದೆ. ಐದನೆಯದು ವಿದ್ಯಾರ್ಥಿ ತಾನೇ ಯೋಚಿಸಿ ಬರೆದದ್ದು.

ಐದು ಸಾಲಿಗೆ ಐದು ಬಗೆಯ ಹುಟ್ಟು. ಉಲ್ಲೇಖ ಮಾತ್ರ ಒಂದು. ಅದೂ ಎಲ್ಲಿ ಕೂತಿದೆ ನೋಡಿ: ಯಾರಿಂದಲೂ ಎರವಲು ತರದ ಐದನೇ ಸಾಲಿನ ಮೇಲೆ!

ಈ ಐದನೇ ಸಾಲನ್ನು ಸ್ವಲ್ಪ ಗಮನಿಸಿ. ಕೊನೆಯ ಉಲ್ಲೇಖದಿಂದ ಬೇರೆಯವರಿಗೆ ಸಲ್ಲಬೇಕಾದ ಮನ್ನಣೆ ತಪ್ಪುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದರಷ್ಟೇ ಕೆಟ್ಟದ್ದು ಇನ್ನೊಂದಿದೆ. ಹೇಳದ ಮಾತು ಒಬ್ಬರ ತಲೆಗೆ ಅಂಟುತ್ತದೆ. ‘ಅ’ ಲೇಖನದವರು ಹೆಜ್ಜೇನು ಎಲ್ಲಿ ಗೂಡು ಕಟ್ಟುತ್ತದೆ ಅಂತ ಬರೆದರೇ ಹೊರತು ದೇವರಕಾಡು ಹತ್ತಿರವಿದ್ದರೆ ಫಸಲು ಜಾಸ್ತಿ ಅಂತ ಎಲ್ಲೂ ಹೇಳಿಲ್ಲ. ಪ್ಯಾರಾವನ್ನು ಸಾಮಾನ್ಯವಾಗಿ ಹೀಗೆ ಕಟ್ಟುತ್ತೇವೆ ಅಲ್ವಾ: ಮೊದಲು ಮಾಹಿತಿ, ಕೊನೆಗೆ ‘ಆದ್ದರಿಂದ’ ಅಂತ ನಮ್ಮ ತೀರ್ಮಾನ. ಹಾಗಾಗಿ ಕೊನೆಯಲ್ಲಿಟ್ಟ ಉಲ್ಲೇಖ ಬಹಳ ಸಲ ನಮ್ಮ ತೀರ್ಮಾನಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿ ಈ ವರದಿ ನೋಡಿ ‘ಅ’ ಪ್ರಕಾರ ದೇವರಕಾಡಿನಿಂದ ಫಸಲು ಹೆಚ್ಚುತ್ತದೆ ಅಂತ ಬರೆದರೆ, ತಪ್ಪು ಅವರದ್ದಲ್ಲ.

ಮೂರನೇ ಸಾಲಿನದ್ದು ಇನ್ನೂ ಬೇಸರದ ಕಥೆ. ಪುಸ್ತಕ ಬರೆದವರ ಹೆಸರು ಆಕರ ಪಟ್ಟಿಯಲ್ಲಾದರೂ ಇರುತ್ತದೆ. ರೈಟರ್ ಹೇಳಿದ್ದು ಎಲ್ಲೂ ಅಚ್ಚಾಗಿಲ್ಲ, ಆ ಮಳೆ ಪುಸ್ತಕ ಇನ್ನಾರ ಬಳಿಯೂ ಇಲ್ಲ. ಅವರ ಮಾತು ನಡುವೆ ಸೇರಿಕೊಂಡು, ಕೊನೆಗೆ ಇನ್ನೊಬ್ಬರ ಲೇಖನದ ಹೆಸರು ಬಿದ್ದರೆ, ಅವರು ಇದ್ದರೆಂಬ ಗುರುತೇ ಉಳಿಯುವುದಿಲ್ಲ. ನಮ್ಮಲ್ಲಿ ಐನ್‌ಮನೆ, ತೋಟ, ಹಾಡಿಗಳಿಗೆ ಹೋಗಿ ಹಿರಿಯರನ್ನು ಕೇಳಿ ಬರೆಯುವ ಪ್ರಾಜೆಕ್ಟ್‌ಗಳು ಜಾಸ್ತಿ. ಅಲ್ಲಿ ಈ ನಷ್ಟ ಪ್ರತಿ ಪುಟದಲ್ಲೂ ಆಗಬಹುದು.

ಸರಿ, ಎಲ್ಲ ಮೂಲಗಳನ್ನೂ ಕೊನೆಯಲ್ಲಿ ಒಟ್ಟಿಗೆ ಹಾಕಿ ‘(ಅ, ಆ, ಸಂದರ್ಶನ)’ ಅಂದರೆ ಆಗದೇ? ಹೆಸರುಗಳು ಬಂದವು, ಆದರೆ ಯಾವ ಸಾಲು ಯಾರದ್ದು ಅನ್ನುವುದು ಇನ್ನೂ ಗೊತ್ತಾಗಲಿಲ್ಲ. ಮೊದಲ ಹೆಸರು ಮೊದಲ ಸಾಲಿಗೆ, ಎರಡನೆಯದು ಎರಡನೇ ಸಾಲಿಗೆ ಅಂತ ಓದುವ ಹಾಗೂ ಇಲ್ಲ. ಉಲ್ಲೇಖ ಕೊಡುವ ಎಪಿಎ ಶೈಲಿಯಲ್ಲಿ ಒಂದೇ ಆವರಣದೊಳಗೆ ಬರುವ ಮೂಲಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಅಂದರೆ ಆ ಕ್ರಮಕ್ಕೂ ಪ್ಯಾರಾದ ಸಾಲುಗಳ ಕ್ರಮಕ್ಕೂ ಸಂಬಂಧವೇ ಇಲ್ಲ. ಒಂದೇ ಮಾತನ್ನು ಮೂವರೂ ಹೇಳಿದ್ದಾರೆ ಅನ್ನುವಾಗ ಹೀಗೆ ಒಟ್ಟಿಗೆ ಹಾಕುವುದು ಸರಿ. ಮೂವರು ಮೂರು ಬೇರೆ ಮಾತು ಹೇಳಿದ್ದರೆ ಸರಿಯಲ್ಲ.

ನಾಲ್ಕನೇ ಸಾಲಿನ ದೋಷವೇ ಬೇರೆ. ಅದರ ಪಕ್ಕದಲ್ಲೇ ‘(ಅ)’ ಇಟ್ಟಿದ್ದರೂ ಸಾಲುತ್ತಿರಲಿಲ್ಲ. ಉಲ್ಲೇಖವೊಂದೇ ಇದ್ದರೆ ‘ವಿಷಯ ಅವರದ್ದು, ಮಾತು ನನ್ನದು’ ಅಂತ ಓದುಗರು ತಿಳಿಯುತ್ತಾರೆ. ಮಾತೂ ಅವರದ್ದೇ ಆಗಿದ್ದರೆ ಉದ್ಧರಣ ಚಿಹ್ನೆ ಹಾಕಿ ಪುಟ ಸಂಖ್ಯೆ ಕೊಡಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಸತತ 14 ಪದಗಳವರೆಗಿನ ಹೋಲಿಕೆಯನ್ನು ಬಿಡುವ ಮಾತು ಬರುತ್ತದಲ್ಲ, ಅದಕ್ಕಿಂತ ಚಿಕ್ಕ ವಾಕ್ಯವನ್ನು ಹಾಗೇ ಇಳಿಸಬಹುದು ಅಂತ ಕೆಲವರು ಹೇಳುತ್ತಾರೆ. ಆ ರಿಯಾಯಿತಿ ಇರುವುದು ಎಲ್ಲರಿಗೂ ತಿಳಿದ ವಿಷಯಕ್ಕೆ, ಆಕಸ್ಮಿಕವಾಗಿ ಹೊಂದಿಕೆಯಾದ ಪದಗಳಿಗೆ. ನಮ್ಮ ನಾಲ್ಕನೇ ಸಾಲನ್ನು ಎಣಿಸಿ ನೋಡಿ, ಹದಿಮೂರೇ ಪದ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದದೊಳಗೇ ಸೇರಿಕೊಳ್ಳುವುದರಿಂದ ಹದಿಮೂರು ಪದದಲ್ಲಿ ಎರಡು ಪೂರ್ತಿ ವಿಚಾರ ಹಿಡಿಸಿವೆ. ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಅದನ್ನು ಬಿಟ್ಟರೂ ಬಿಡಬಹುದು. ಮೂಲ ಲೇಖನ ಓದಿದ ಪರೀಕ್ಷಕರು ಬಿಡುವುದಿಲ್ಲ.

ಇನ್ನು ತಿದ್ದುವಾಗ ಆಗುವುದನ್ನೂ ಹೇಳಬೇಕು. ಗೈಡ್ ‘ಪ್ಯಾರಾ ಉದ್ದ ಆಯಿತು, ಎರಡು ಮಾಡಿ’ ಅನ್ನುತ್ತಾರೆ. ಮೂರನೇ ಸಾಲಿನ ನಂತರ ಎಂಟರ್ ಒತ್ತಿದರೆ ಮೇಲಿನ ಮೂರು ಸಾಲಿಗೆ ಮೂಲವೇ ಇಲ್ಲದಂತಾಗುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೂ ಕಾಗದದ ಮೇಲೆ ಅದು ಕದ್ದ ಬರಹದಂತೆಯೇ ಕಾಣುತ್ತದೆ. ಹೂಮಳೆಯ ನಂತರ ಬರುವ ಬ್ಯಾಕಿಂಗ್ ಮಳೆಯ ಬಗ್ಗೆ ಇನ್ನೊಂದು ಪುಸ್ತಕದ ಸಾಲು ತಂದು ನಡುವೆ ಸೇರಿಸಿದರೂ ಅಷ್ಟೇ. ಕೊನೆಯ ‘(ಅ)’ ಅದನ್ನೂ ನುಂಗುತ್ತದೆ.

ಅದೇ ಪ್ಯಾರಾವನ್ನು ಹೀಗೆ ಬರೆಯಬಹುದು:

“ಬೆಳೆಗಾರರ ಕೈಪಿಡಿಯ ಪ್ರಕಾರ, ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು, ಒಂದೂವರೆ ಇಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ (ಆ, ಪುಟ 41). ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂ ಅರಳಿದ ದಿನವೇ ಮಳೆ ಹೊಡೆದ ವರ್ಷ ರೊಬಸ್ಟಾ ಫಸಲು ಕಡಿಮೆ ಬಂದಿದೆ ಎಂದು ಪೊನ್ನಂಪೇಟೆ ಕಡೆಯ ತೋಟವೊಂದರ ರೈಟರ್ ತಮ್ಮ ಮಳೆ ಪುಸ್ತಕ ತೋರಿಸಿ ಹೇಳಿದರು (ಸಂದರ್ಶನ, ದಿನಾಂಕ). ‘ರೊಬಸ್ಟಾ ಹೂವಿಗೆ ಬರುವ ಜೇನುಗಳಲ್ಲಿ ಹೆಜ್ಜೇನು ಮುಖ್ಯವಾದದ್ದು, ಅದು ಗೂಡು ಕಟ್ಟುವುದು ತೋಟದ ಸುತ್ತಲಿನ ಎತ್ತರದ ಮರಗಳಲ್ಲಿ’ ಎನ್ನುತ್ತದೆ ಪರಾಗಸ್ಪರ್ಶದ ಲೇಖನ (ಅ, ಪುಟ 7). ಇವೆಲ್ಲವನ್ನೂ ಸೇರಿಸಿ ನೋಡಿದರೆ, ದೇವರಕಾಡು ಹತ್ತಿರವಿರುವ ರೊಬಸ್ಟಾ ತೋಟಕ್ಕೆ ಫಸಲು ಜಾಸ್ತಿ ಸಿಗಬಹುದು ಎಂದು ನನಗೆ ಅನಿಸುತ್ತದೆ.”

ಎರಡನೇ ಸಾಲಿಗೆ ಉಲ್ಲೇಖ ಹಾಕಲಿಲ್ಲ, ಅದು ಎಲ್ಲರ ತಿಳಿವಳಿಕೆ. ಹಿಂದಿನ ಸಾಲಿನ ಕೊನೆಯಲ್ಲೇ ‘ಆ’ ಮುಗಿದಿರುವುದರಿಂದ ಅದು ಕೈಪಿಡಿಯದ್ದು ಅಂತ ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಐದನೇ ಸಾಲಿನಲ್ಲಿ ‘ಸಿಗುತ್ತದೆ’ ಹೋಗಿ ‘ಸಿಗಬಹುದು’ ಬಂದದ್ದನ್ನೂ ನೋಡಿ. ಲೇಖನದ ಹೆಸರಿನ ಆಸರೆ ಇದ್ದಾಗ ನಿಶ್ಚಯವಾಗಿ ಕಾಣುತ್ತಿದ್ದ ಮಾತು, ತನ್ನ ಕಾಲ ಮೇಲೆ ನಿಂತಾಗ ಊಹೆ ಅಂತ ಬರೆದವರಿಗೇ ತಿಳಿಯಿತು. ಇದಕ್ಕೆ ಸಾಕ್ಷಿ ಬೇಕಾದರೆ ಎರಡು ಬಗೆಯ ತೋಟಗಳ ಫಸಲು ಹೋಲಿಸಿ ನೋಡಬೇಕು. ಅದು ಬೇರೆಯೇ ಕೆಲಸ.

ಹಾಗಂತ ಪ್ರತಿ ಸಾಲಿನ ಬಾಲಕ್ಕೂ ಅದೇ ಆವರಣ ಕಟ್ಟಬೇಕಾಗಿಲ್ಲ. ಒಂದೇ ಮೂಲದ ಸಾರವನ್ನು ನಾಲ್ಕೈದು ಸಾಲು ನಿಮ್ಮ ಮಾತಿನಲ್ಲಿ ಹೇಳುತ್ತಿದ್ದರೆ, ಮೊದಲ ಸಾಲಿನಲ್ಲೇ ಉಲ್ಲೇಖ ಕೊಡಿ ಅನ್ನುತ್ತದೆ ಎಪಿಎ. ಮುಂದಿನ ಸಾಲುಗಳೂ ಅದೇ ಮೂಲದ್ದು ಅಂತ ಸ್ಪಷ್ಟವಾಗಿದ್ದರೆ ಮತ್ತೆ ಮತ್ತೆ ಹಾಕಬೇಕಿಲ್ಲ. ಅದನ್ನು ಸ್ಪಷ್ಟ ಮಾಡಲು ‘ಇದೇ ಲೇಖನ ಮುಂದುವರಿದು’, ‘ಅವರೇ ಹೇಳುವಂತೆ’ ಅನ್ನುವ ಮಾತುಗಳು ನಮ್ಮ ಬಳಿ ಇವೆ. ಎಂಎಲ್‌ಎ ಶೈಲಿಯಲ್ಲಿ ಶುರುವಿನಲ್ಲಿ ಲೇಖಕರ ಹೆಸರು, ಮುಗಿಯುವಲ್ಲಿ ಪುಟ ಸಂಖ್ಯೆ ಇಡಬಹುದು, ಆಗ ಎರಡೂ ಅಂಚು ಕಾಣುತ್ತವೆ. ಅಡಿಟಿಪ್ಪಣಿ ಬಳಸುವ ಶಿಕಾಗೊ ಶೈಲಿಯಲ್ಲಿ ಹಲವು ಮೂಲಗಳನ್ನು ಒಂದೇ ಟಿಪ್ಪಣಿಯಲ್ಲಿ ಸೇರಿಸಲು ಅವಕಾಶ ಇದೆ. ಅಲ್ಲಿ ‘ಹೂಮಳೆಯ ಬಗ್ಗೆ ಇಂಥವರು, ಹೆಜ್ಜೇನಿನ ಬಗ್ಗೆ ಇಂಥವರು’ ಅಂತ ಬಿಡಿಸಿ ಬರೆದರೆ ಗೊಂದಲ ಇರುವುದಿಲ್ಲ. ಎರಡನೇ ಮೂಲ ನಡುವೆ ಬಂದ ಕೂಡಲೇ, ಅಥವಾ ನಿಮ್ಮ ಸ್ವಂತ ಮಾತು ನಡುವೆ ಬಂದ ಕೂಡಲೇ, ಮತ್ತೆ ಹೇಳಲೇಬೇಕು.

ಸಲ್ಲಿಸುವ ಮೊದಲು ಒಂದು ಪ್ರಿಂಟ್ ತೆಗೆದು, ಮೂಲಕ್ಕೊಂದು ಬಣ್ಣದಂತೆ ಸಾಲುಗಳ ಮೇಲೆ ಗೆರೆ ಎಳೆಯಿರಿ. ನಿಮ್ಮ ಸ್ವಂತ ಸಾಲಿಗೆ ಬಣ್ಣ ಬೇಡ. ಬಣ್ಣ ಬದಲಾಗುವ ಕಡೆಯೆಲ್ಲ ಒಂದು ಉಲ್ಲೇಖವೋ, ‘ಪ್ರಕಾರ’, ‘ಎನ್ನುತ್ತಾರೆ’ ಅನ್ನುವ ಮಾತೋ ಇರಬೇಕು. ಬಣ್ಣ ಇಲ್ಲದ ಸಾಲಿಗೆ ಉಲ್ಲೇಖ ಅಂಟಿದ್ದರೆ ಅದನ್ನು ಅದರ ಜಾಗಕ್ಕೆ ಒಯ್ಯಿರಿ. ಯಾವ ಬಣ್ಣ ಹಾಕಬೇಕೋ ನೆನಪಾಗದ ಸಾಲೂ ಒಂದೆರಡು ಸಿಗುತ್ತವೆ. ಅಂಥದ್ದಕ್ಕೆ ಓದಿದ ಪುಸ್ತಕ, ನೋಟ್ಸ್ ಮತ್ತೆ ತೆಗೆದು ಹುಡುಕಿ. ಸಿಗದಿದ್ದರೆ ಆ ಸಾಲನ್ನು ಬಿಟ್ಟುಬಿಡಿ.